ಹೆಸರಿಡದ ಗುಂಪು

ಮಾವನವರು ನಡೆಸುತ್ತಿದ್ದ ನಮ್ಮ ಹಾರ್ಡ್‌ವೇರ್ ಅಂಗಡಿಗೆ ವೆಬ್‌ಸೈಟ್ ಮಾಡಿಸುವಾಗ, ಮೆನುವಿನಲ್ಲಿ ಯಾವ ಹೆಸರುಗಳಿರಬೇಕು ಎಂದು ಗಿರಾಕಿಗಳನ್ನೇ ಕೇಳೋಣವೆಂದರು ಯಜಮಾನರು. ಕಾನ್ವೆಂಟಿನ ಸಿಸ್ಟರು ತಿದ್ದಿದ ಅಕ್ಷರ ನನ್ನದು. ಚೀಟಿಗೊಂದು ಸಾಮಾನಿನ ಹೆಸರು ಬರೆಯುವ ಕೆಲಸ ನನಗೇ ಬಂತು. ಒಬ್ಬೊಬ್ಬರನ್ನೇ ಅಂಗಡಿಯ ಹಿಂದಿನ ಕೋಣೆಗೆ ಕರೆದು, ಚಹಾ ಕೊಟ್ಟು, ಜೊತೆಗಿರಬೇಕಾದ ಚೀಟಿಗಳನ್ನು ಜೊತೆಗಿಡಿ, ಆ ಗುಂಪಿಗೆ ನಿಮಗೆ ತೋಚಿದ ಹೆಸರು ಹೇಳಿ ಎನ್ನುತ್ತಿದ್ದೆ. ಮುಗಿದ ಮೇಲೆ ಫೋಟೊ ತೆಗೆದು, ಚೀಟಿಗಳನ್ನೆಲ್ಲ ಕಲಸಿಬಿಡುವುದು.

ಮೊದಲು ಬಂದವರು ಲಕ್ಷ್ಮೇಶ್ವರದಲ್ಲಿ ಗಾರೆ ಕೆಲಸ ಮಾಡುವ ಗೌಂಡಿ ಚಾಚಾ. ನಾವು ಪ್ಲಂಬಿಂಗ್ ಎಂದುಕೊಂಡಿದ್ದಕ್ಕೆ ಅವರು ‘ನೀರು ಸೋರಿದಾಗ’ ಎಂದು ಹೆಸರಿಟ್ಟರು.

“ಸೋರದಿದ್ರ ಇದನ್ನ ಯಾರು ತಗೋತಾರವ್ವಾ?” ಎಂದು ನಕ್ಕರು.

ಆದರೆ ಸಲಿಕೆ, ಗುದ್ದಲಿ, ಬುಟ್ಟಿ, ಹಗ್ಗ, ಕತ್ತಲಲ್ಲಿ ಹಿಡಿಯುವ ಬ್ಯಾಟರಿ, ಈ ಐದನ್ನು ಬದಿಗೆ ಸಾಲಾಗಿಟ್ಟು ಹೆಸರು ಹೇಳದೆ ಎದ್ದರು. ಮರುದಿನ ಬಂದ ಬೆಟಗೇರಿಯ ನೇಕಾರರ ಮನೆಯಾಕೆಯೂ ಅವೇ ಐದನ್ನು ಬದಿಗಿಟ್ಟಳು.

“ಇದಕ್ಕ ಏನಂತಾರ? ಬಾಯಿಗೇ ಬರವಲ್ದರಿ ಅಕ್ಕಾರ.”

ಹಮ್ಮಿಗಿಯ ರೈತರೊಬ್ಬರು ಬಂದ ದಿನ ನಾನು ಬೇಕೆಂದೇ ಆ ಐದನ್ನು ದೂರದೂರ ಹರಡಿದ್ದೆ. ಅವರು ಮಾತಾಡುತ್ತಲೇ ಜೋಡಿಸಿದರು. ಕೊನೆಗೆ ನೋಡಿದರೆ ಅದೇ ಐದು, ಅದೇ ಸಾಲು. ಅವರ ಚಹಾದ ಮೇಲೆ ಕೆನೆ ಕಟ್ಟಿತ್ತು.

“ಇದಕ್ಕ ಏನ್ ಹೆಸರಿಡೂಣ್ರಿ?”

ಅವರು ತಮ್ಮ ಕೈ ನೋಡಿಕೊಂಡರು. “ನಾ ಇಟ್ಟಿದ್ದಲ್ರಿ ಅಕ್ಕಾರ, ಕೈ ಇಟ್ಟಾವು. ಮಣ್ಣು ಮಾಡೂ ಕುಣಿ ತಗಿಯಾಕ ಒಯ್ಯೂ ಸಾಮಾನ ಇವು. ಸತ್ತ ಮನಿಯವ್ರು ಬಂದ್ರ ನಿಮ್ಮ ಮಾವನೋರು ಯಾಕಂತ ಕೇಳ್ತಿದ್ದಿಲ್ಲ, ಸುಮ್ನ ಕಟ್ಟಿ ಕೊಡ್ತಿದ್ರು.” ಒಂದೊಂದೇ ಚೀಟಿಯನ್ನು ಬೋರಲು ಹಾಕಿದರು. “ಮನ್ಯಾಗ ನಮ್ಮವ್ವ ಹಾಸಿಗಿ ಹಿಡದಾಳ. ಇವನ್ನ ಒಂದ ಕಡೆ ಇಡಬ್ಯಾಡ್ರಿ. ಹೆಸರಂತೂ ಬ್ಯಾಡೇ ಬ್ಯಾಡ.”

“ಇಡೂದಿಲ್ಲರಿ,” ಎಂದು ಮಾತು ಕೊಟ್ಟೆ.

ಯಜಮಾನರೂ ಒಪ್ಪಿದರು. ಗುದ್ದಲಿ ‘ಹೊಲದ ಕೆಲಸ’ಕ್ಕೆ ಹೋಯಿತು, ಸಲಿಕೆ ‘ಮನೆ ಕಟ್ಟುವಾಗ’ ಎಂಬಲ್ಲಿಗೆ. ಬುಟ್ಟಿ ‘ಮನೆಬಳಕೆ’ಗೆ, ಹಗ್ಗ ‘ಕಟ್ಟಲು, ಎಳೆಯಲು’ ಎಂಬಲ್ಲಿಗೆ, ಬ್ಯಾಟರಿ ‘ಕರೆಂಟಿನ ಸಾಮಾನಿ’ಗೆ. ಒಂದರಿಂದ ಇನ್ನೊಂದಕ್ಕೆ ದಾರಿಯೇ ಇರಲಿಲ್ಲ.

ವೆಬ್‌ಸೈಟ್ ಶುರುವಾಗಿ ಕೆಲವು ವಾರಗಳಾಗಿದ್ದವು. ಒಂದು ಮಧ್ಯಾಹ್ನ ರೊಟ್ಟಿ ಬಡಿದು ಕೈ ತೊಳೆದು, ಬೆಲೆ ತಿದ್ದಲೆಂದು ಸಲಿಕೆಯ ಪುಟ ತೆರೆದೆ. ಕೆಳಗೆ ‘ಇದನ್ನು ಕೊಂಡವರು ಇವನ್ನೂ ಕೊಂಡರು’ ಎಂಬ ಸಾಲು ತಾನಾಗಿಯೇ ಮೂಡಿತ್ತು. ಅದರಡಿಯಲ್ಲಿ ಗುದ್ದಲಿ, ಬುಟ್ಟಿ, ಹಗ್ಗ, ಬ್ಯಾಟರಿ. ಆ ರೈತರು ಇಟ್ಟಿದ್ದ ಕ್ರಮದಲ್ಲೇ.

ಆರ್ಡರ್ ಹಮ್ಮಿಗಿಯದೋ ಬೇರೆ ಊರಿನದೋ ಎಂದು ಒಂದು ಸಲ ಒತ್ತಿದ್ದರೆ ಕಾಣುತ್ತಿತ್ತು. ಬೆರಳು ಹೋಗಲಿಲ್ಲ.

“ರೀ, ಆ ಸಾಲು ತಗಸ್ರಿ,” ಎಂದೆ.

ಯಜಮಾನರು ನನ್ನ ಮುಖ ನೋಡಿದರು. ಮಾವನವರ ಹಾಗೆಯೇ, ಯಾಕೆಂದು ಕೇಳದೆ ತೆಗೆಸಿದರು.