ಶಿವಬಸವ್ವಕ್ಕನ ಗೌರವಧನ

ಖಾನಾಪುರದ ಶಿವಬಸವ್ವಕ್ಕನಷ್ಟು ನನ್ನ ಪಿತ್ತ ನೆತ್ತಿಗೇರಿಸಿದವರು ಇನ್ನೊಬ್ಬರಿಲ್ಲ. ಅಷ್ಟು ನಾನು ಹಚ್ಚಿಕೊಂಡವರೂ ಇಲ್ಲ. ಅಲ್ಲಿನ ಮಹಿಳಾ ಮಂಡಳ ಕಟ್ಟಿ, ಕಾಡಂಚಿನ ಊರುಗಳಲ್ಲಿ ಬಾಲವಾಡಿ ನಡೆಸುತ್ತಿದ್ದಾಕೆ ಆಕೆ.

2001ರ ಕೊನೆಗೆ ಮೂರು ಸಂಸ್ಥೆಗಳು ಕೂಡಿ ಒಂದು ಯೋಜನೆಗೆ ಅನುದಾನ ತಂದೆವು. ಬೆಳಗಾವಿ ಶಹಾಪುರದ ನಮ್ಮ ಸಂಸ್ಥೆಯೇ ಮುಂದಾಳು. ಹಣ ನಮ್ಮಲ್ಲಿಗೆ ಬಂದು, ಮಂಡಳದ ಪಾಲು ಕಂತುಗಳಲ್ಲಿ ಹೋಗುತ್ತಿತ್ತು. ಲೆಕ್ಕ ನೋಡುವವಳು ನಾನು, ಪ್ರಮಿಳಾ. ನನ್ನ ಅರ್ಧ ಪಗಾರ, ಖಾನಾಪುರದ ಬಸ್ ಚಾರ್ಜು, ಆಡಿಟ್ ಫೀ ಎಲ್ಲ ‘ಮೇಲ್ವಿಚಾರಣೆ ವೆಚ್ಚ’ ಎಂದು ನಮ್ಮ ಪಾಲಿನ ಬಜೆಟ್ಟಿನಲ್ಲಿತ್ತು.

“ನಮ್ಮ ಮ್ಯಾಲ ಕಣ್ಣಿಡಾಕ ಪಗಾರ ಬ್ಯಾರೆ ಕೊಡ್ತಾರ ನಿನಗ,” ಎಂದು ಅಕ್ಕ ಕಾಡುತ್ತಿದ್ದಳು. ಚಹಾಕ್ಕೂ ಬಿಲ್ ಕೇಳುವವಳು ನಾನು, ಕಾಡದೆ ಬಿಡುತ್ತಾಳೆಯೇ?

ಮರುವರ್ಷದ ಮೇ ತಿಂಗಳಲ್ಲಿ ಲೆಕ್ಕ ನೋಡಲು ಹೋದೆ. ಮೊದಲ ಕಂತು ಒಂದು ಲಕ್ಷ ಇಪ್ಪತ್ತು ಸಾವಿರದಲ್ಲಿ ಎಪ್ಪತ್ತೆಂಟು ಸಾವಿರವಷ್ಟೇ ಖರ್ಚಾಗಿತ್ತು.

“ನೋಡು, ಎಷ್ಟು ಉಳಿಸೇನಿ!” ಅಕ್ಕನ ಮುಖ ಅರಳಿತ್ತು.

ನನಗೆ ತಲೆ ಕೆಟ್ಟಿತು. “ಅಕ್ಕಾರ, ಮುಕ್ಕಾಲು ಪಾಲು ಖರ್ಚಾಗೂತನಕ ಎರಡನೇ ಕಂತು ಬಿಡಾಕ ಬರೂದಿಲ್ಲ ಅಂತ ಒಪ್ಪಂದದಾಗ ಐತಿ. ತೊಂಬತ್ತು ಸಾವಿರ ಆಗಬೇಕಿತ್ತು.”

ಎರಡನೇ ಕಂತು ಬಾರದಿದ್ದರೆ ಮಳೆಗಾಲದಲ್ಲಿ ಬಾಲವಾಡಿ ಟೀಚರುಗಳ ಪಗಾರ ನಡುವೆಯೇ ನಿಲ್ಲುತ್ತಿತ್ತು. ಅಕ್ಕ ಗೋಡೆಗೆ ಒರಗಿ ಕುಳಿತಳು. “ಉಳಿಸಿದ್ದೂ ತಪ್ಪೇನ ತಂಗಿ?”

ಪಾಪ ಅನಿಸಿತು. ಸುಳ್ಳು ಬಿಲ್ ಮಾತ್ರ ನಾನು ಹಚ್ಚುವವಳಲ್ಲ. ಬಜೆಟ್ಟನ್ನು ಸಾಲು ಸಾಲಾಗಿ ತಾಳೆ ನೋಡಿದೆ. ಉಳಿದದ್ದೆಲ್ಲ ಉಳಿತಾಯವಾಗಿರಲಿಲ್ಲ. ಸಂಯೋಜಕಿಯ ಗೌರವಧನ ತಿಂಗಳಿಗೆ ಎರಡೂವರೆ ಸಾವಿರ. ಆರು ತಿಂಗಳಿಂದ ಒಂದು ಪೈಸೆ ಎತ್ತಿರಲಿಲ್ಲ. ಸಂಯೋಜಕಿ ಅಂದರೆ ಇದೇ ಮಹಾತಾಯಿ.

“ನೀವು ಹದಿನೈದು ಸಾವಿರ ತಗೊಂಡ್ರ ತೊಂಬತ್ಮೂರು ಆಗತೈತಿ. ದುಡದದ್ದು ಖರೇ, ಹಾಜರಿ ಐತಿ, ಮೀಟಿಂಗ್ ವರದಿ ಐತಿ.”

“ಛೀ, ಸೇವಾಕ್ಕ ರೊಕ್ಕ ತಗೊಳ್ಳೂದ?”

“ಕಾಯಕಕ್ಕ ಕೂಲಿ ತಗೋಬಾರದು ಅಂತ ಯಾವ ಶರಣರು ಹೇಳ್ಯಾರ್ರಿ? ನಿಮ್ಮನ್ನ ನೋಡಾಕ ಬರೋ ನಾ ತಗೋತೀನಿ, ಮಾಡೋ ನಿಮಗ್ಯಾಕ ನಾಚಿಕಿ?”

ಅಕ್ಕ ಹಾಜರಿ ಪುಸ್ತಕ ಎಳೆದುಕೊಂಡು ತನ್ನ ಸಹಿಗಳನ್ನು ಒಂದೊಂದಾಗಿ ಎಣಿಸಿ, ಕಡೆಗೆ ಒಪ್ಪಿದಳು. ಮಂಡಳದ ಖಾತೆಯಿಂದ ಚೆಕ್ ಆಯಿತು, ಅದನ್ನು ಜಮಾ ಮಾಡಲು ಅಕ್ಕನ ಹೆಸರಿನಲ್ಲಿ ಮೊದಲ ಸಲ ಖಾತೆ ತೆರೆಯಬೇಕಾಯಿತು. ಜೂನ್ ಮೊದಲ ವಾರ ಎರಡನೇ ಕಂತು ಹೋಯಿತು.

ಜುಲೈಯಲ್ಲಿ ಮತ್ತೆ ಹೋದಾಗ ಮಳೆಯೋ ಮಳೆ. ಬಾಲವಾಡಿಯಲ್ಲಿ ಮಕ್ಕಳ ಗದ್ದಲ. ಅಕ್ಕ ಹೋಟೆಲ್ಲಿನಿಂದ ಚಹಾ, ಬಿಸಿ ಭಜಿ ತರಿಸಿದಳು. ಎಂದಿನಂತೆ ಬಿಲ್ಲಿಗಾಗಿ ನನ್ನ ಕೈ ಮುಂದೆ ಹೋಯಿತು.

“ಇದರ ಬಿಲ್ಲ ಕೇಳಬ್ಯಾಡ,” ಎಂದಳು ಅಕ್ಕ. “ಇದು ನನ್ನ ಪಗಾರದ್ದು.”