ಬಿಟ್ಟಿ ಹೊಟ್ಟಿನ ಲೆಕ್ಕ

ನಮ್ಮ ರೈತ ಕಂಪನಿಯ ಬೇಳೆ ಮಿಲ್ಲನ್ನು ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಿಗೆ ಲೀಸಿಗೆ ಕೊಡುವ ಠರಾವನ್ನು ವಾರ್ಷಿಕ ಸಭೆಯ ನೋಟಿಸಿನಲ್ಲಿ ಓದಿ ನನಗೆ ಮೈಯೆಲ್ಲ ಉರಿಯಿತು. ಕೊಟ್ಟ ಕಾರಣ ಒಂದೇ ಸಾಲಿನದು: ಮಿಲ್ಲು ನಷ್ಟದಲ್ಲಿದೆ. ಜೊತೆಗೆ ಬಂದ ವರದಿಯಲ್ಲಿ ಆ ನಷ್ಟವನ್ನು ಹುಡುಕಿದೆ, ಎಲ್ಲೂ ಸಿಗಲಿಲ್ಲ. ಬೇಳೆ ಮಿಲ್ಲು, ದನದ ಹಿಂಡಿಯ ಘಟಕ, ಗೊಬ್ಬರದ ಅಂಗಡಿ ಮೂರನ್ನೂ ಒಂದೇ ಪಾತ್ರೆಗೆ ಸುರಿದು, ತಳದಲ್ಲಿ ಸಣ್ಣದೊಂದು ಒಟ್ಟು ಲಾಭ ತೋರಿಸಿದ್ದರು.

ನಾನು ಅಣ್ಣಿಗೇರಿಯ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಶಲವಡಿಯ ಹೊಲದಲ್ಲಿ ನಾನೂ ತಮ್ಮನೂ ಕಡಲೆ ಬೆಳೆಯುತ್ತೇವೆ, ಹಾಗಾಗಿ ಕಂಪನಿಯ ಷೇರುದಾರಳೂ ಹೌದು. ಆ ಮಿಲ್ಲಿಗೆಂದೇ ನಮ್ಮಪ್ಪ ಮನೆಮನೆ ತಿರುಗಿ ಷೇರು ಕೂಡಿಸಿದ್ದ. ನಮ್ಮ ಓಣಿಯ ಹೆಣ್ಣುಮಕ್ಕಳು ಅಲ್ಲಿ ಬೇಳೆ ಹಸನು ಮಾಡುತ್ತಾರೆ. ಲೀಸಾದರೆ ಅವರನ್ನು ಇಟ್ಟುಕೊಳ್ಳುವುದು ಬಿಡುವುದು ವ್ಯಾಪಾರಿಯ ಮರ್ಜಿ. ಅಪ್ಪನ ಮಿಲ್ಲನ್ನು ಒಂದು ಸಾಲಿನ ಮಾತಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಸಭೆ ಗೋದಾಮಿನಲ್ಲಿ ನಡೆಯಿತು. ವಿಭಾಗವಾರು ಲೆಕ್ಕ ಕೊಡಿ ಎಂದು ಎದ್ದು ನಿಂತೆ. ಅಧ್ಯಕ್ಷರು ದೂರದ ಸಂಬಂಧದಲ್ಲಿ ನನಗೆ ಕಾಕಾ ಆಗಬೇಕು, ಹಿಂಡಿ ಘಟಕ ಅವರದೇ ಕನಸು. ನಮ್ಮಂಥ ಸಣ್ಣ ಕಂಪನಿಗೆ ಅದು ಕಡ್ಡಾಯವಲ್ಲ ಎಂದರು. ಮಾತು ನಿಜ. ಷೇರುಪೇಟೆಗೆ ಇಳಿದ ದೊಡ್ಡ ಕಂಪನಿಗಳಿಗೆ ಅದು ಕಡ್ಡಾಯ, ನಮಗೆ ವಿನಾಯಿತಿ ಇದೆ.

“ಕಾಯ್ದೆ ಕೇಳಂಗಿಲ್ಲ ಕಾಕಾ, ನಾವು ಕೇಳಾಕತ್ತೀವಿ. ರೊಕ್ಕ ಹಾಕಿದವರು ನಾವು,” ಎಂದೆ.

ಹಿಂದಿನ ಸಾಲಿನಿಂದ ಹೌದು ಹೌದು ಎಂಬ ದನಿಗಳೆದ್ದವು. ಅಧ್ಯಕ್ಷರು ಅಕೌಂಟಂಟರ ಕಡೆ ಕಣ್ಣು ಹಾಯಿಸಿದರು, ಅವರು ಲ್ಯಾಪ್‌ಟಾಪ್ ನೋಡಿ ಮೂರೂ ವಿಭಾಗಗಳ ಲೆಕ್ಕವನ್ನು ಬೇರೆ ಬೇರೆಯಾಗಿ ಓದಿದರು. ಮಿಲ್ಲು ನಿಜವಾಗಿಯೂ ನಷ್ಟದಲ್ಲಿತ್ತು. ಹಿಂಡಿ ಘಟಕಕ್ಕೆ ಭರ್ಜರಿ ಲಾಭ. ನಾನೇ ಕೇಳಿ ತೆಗೆಸಿದ ಲೆಕ್ಕ ನನ್ನ ಮಿಲ್ಲಿಗೇ ಕುತ್ತಾಗಿತ್ತು. ಬಾಜುವಿನಲ್ಲಿದ್ದವರು, ಆತಲ್ಲರಿ ಅಕ್ಕಾರ, ಕೂಡ್ರಿ ಇನ್ನ, ಎಂದು ನಕ್ಕರು.

ನಾನು ಕೂಡಲಿಲ್ಲ. ಇಷ್ಟು ವರ್ಷ ಪಾಠ ಹೇಳಿದವಳಿಗೆ ಒಂದು ಗೊತ್ತಿತ್ತು: ವಿಭಾಗಗಳನ್ನು ಬಿಡಿಸಿಟ್ಟರೆ ಅರ್ಧ ಕೆಲಸವಷ್ಟೇ ಆಯಿತು, ಒಂದು ವಿಭಾಗ ಇನ್ನೊಂದಕ್ಕೆ ಮಾಲು ಕೊಟ್ಟದ್ದು ಯಾವ ದರದಲ್ಲಿ ಎಂಬುದನ್ನೂ ಕೇಳಬೇಕು. ಕಡಲೆ ಒಡೆದಾಗ ಬರುವ ಹೊಟ್ಟು ಮತ್ತು ನುಚ್ಚೆಲ್ಲ ಹಿಂಡಿ ಘಟಕಕ್ಕೆ ಹೋಗುತ್ತದೆ. ಅದನ್ನು ಎಷ್ಟಕ್ಕೆ ಹಾಕಿದ್ದೀರಿ ಎಂದು ಅಕೌಂಟಂಟರನ್ನು ಕೇಳಿದೆ.

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಮನೀ ಹೊಟ್ಟಿಗೆ ರೊಕ್ಕ ಯಾವದ್ರಿ? ಹಂಗ ಒಯ್ತಾರ.”

ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಮ್ಮಲ್ಲಿ ಯಾರ ಮನೆಯಲ್ಲೂ ತಮ್ಮ ಹೊಟ್ಟನ್ನು ತಮ್ಮ ದನಕ್ಕೆ ಹಾಕುವಾಗ ದರ ಕಟ್ಟುವುದಿಲ್ಲ. ಆದರೆ ಮನೆಯಲ್ಲಿ ಯಾರೂ ಆ ಲೆಕ್ಕ ಹಿಡಿದು ಎಮ್ಮೆಯನ್ನು ಹೊಗಳಿ ಹೊಲ ಮಾರಲು ಹೊರಡುವುದೂ ಇಲ್ಲ. ಪೇಟೆಯ ದರ ಹಿಡಿದು ಈಗಲೇ ಲೆಕ್ಕ ಹಾಕಿ ಎಂದು ಪಟ್ಟು ಹಿಡಿದೆ. ಅಕೌಂಟಂಟರು ಹಾಕಿದರು. ಹೊಟ್ಟಿನ ಬೆಲೆ ಮಿಲ್ಲಿನ ಆದಾಯಕ್ಕೆ ಸೇರಿತು, ಹಿಂಡಿಯ ಖರ್ಚಿಗೂ ಅಷ್ಟೇ ಸೇರಿತು. ಮಿಲ್ಲು ಲಾಭಕ್ಕೆ ಬಂತು, ಹಿಂಡಿ ಘಟಕ ನಷ್ಟಕ್ಕೆ ಇಳಿಯಿತು. ಒಟ್ಟು ಲಾಭ ಮಾತ್ರ ಒಂದು ರೂಪಾಯಿಯೂ ಅಲುಗಲಿಲ್ಲ.

“ನೋಡು, ಒಟ್ಟು ಅಷ್ಟ ಐತಿ,” ಎಂದರು ಅಧ್ಯಕ್ಷರು. “ಈ ಕಿಸೇದಾಗಿಂದು ಆ ಕಿಸೇಗೆ ಹೋತು. ಅದಕ್ಯಾಕ ಇಷ್ಟು ರಂಪ?”

“ಕಿಸೆ ಎರಡೂ ನಮ್ಮವು ಇರೂತನಕ ಆ ಮಾತು ಖರೇ ಕಾಕಾ. ನೀವು ಒಂದು ಕಿಸೆ ಹರದು ಮಂದೀಗೆ ಕೊಡಾಕ ಹೊಂಟೀರಿ. ನಾಳೆ ಆ ವ್ಯಾಪಾರಿ ಹೊಟ್ಟು ಬಿಟ್ಟಿ ಕೊಡ್ತಾನೇನು?”

ಅಧ್ಯಕ್ಷರು ಕಾಗದ ತಿರುವಿ ಠರಾವನ್ನು ಮತಕ್ಕೆ ಹಾಕಿದರು. ನಕ್ಕವರೇ ಮೊದಲು ಲೀಸಿನ ವಿರುದ್ಧ ಕೈ ಎತ್ತಿದರು. ಠರಾವು ಬಿತ್ತು. ಮುಂದಿನ ವರ್ಷದಿಂದ ವಿಭಾಗವಾರು ಲೆಕ್ಕವನ್ನು, ಒಳಗಿನ ದರದ ಸಮೇತ, ವರದಿಯಲ್ಲಿ ಅಚ್ಚು ಹಾಕಿಸಬೇಕೆಂದು ಬರೆಸಿಯೇ ನಾನು ಕೂತೆ. ನನಗೆ ಹೆಮ್ಮೆಯಾಗಿತ್ತು, ಮುಚ್ಚಿಡುವುದೇಕೆ?

ಹೊರಡುವಾಗ ಅಧ್ಯಕ್ಷರು, ಇನ್ನು ಹಿಂಡಿಯ ದರ ಏರಿಸಬೇಕಾಗುತ್ತದೆ, ನಿಮ್ಮ ಎಮ್ಮೆಗಳೂ ಅದನ್ನೇ ತಿನ್ನುತ್ತವೆ, ನೆನಪಿರಲಿ ಎಂದರು. ಏರಲಿ ಎಂದೆ.

ಏರಿತು. ತಮ್ಮ ಇವತ್ತಿಗೂ ಹಾಲು ಕರೆಯುವಾಗ ಕೊಟ್ಟಿಗೆಯಿಂದಲೇ ಗೊಣಗುತ್ತಾನೆ, ನಿನ್ನ ಲೆಕ್ಕದಿಂದ ಹಿಂಡಿ ತುಟ್ಟಿ ಆತು ನೋಡ, ಎಂದು. ನಾನೂ ಒಳಗಿನಿಂದಲೇ ಉತ್ತರ ಕೊಡುತ್ತೇನೆ.

“ಮೊದಲೂ ತುಟ್ಟೀನ ಇತ್ತಲೇ. ಉಳಿದ ರೊಕ್ಕ ಅಪ್ಪನ ಮಿಲ್ಲು ಕೊಡ್ತಿತ್ತು, ನಿನಗ ಗೊತ್ತಿರಲಿಲ್ಲ.”