ಅನುಮಾನಮ್ಮನ ಮೇಲ್

ನಮ್ಮ ಬಿಸ್ಕತ್ತು ಕಾರ್ಖಾನೆಯ ಲ್ಯಾಬಿಗೆ ತರಬೇತಿಗೆ ಬಂದ ಹುಡುಗಿಗೆ ಮೊದಲ ವಾರದಲ್ಲೇ ‘ಅನುಮಾನಮ್ಮ’ ಎಂಬ ಹೆಸರು ಬಿತ್ತು. ಇಟ್ಟವರು ಪ್ಯಾಕಿಂಗ್ ಸೂಪರ್‌ವೈಸರ್. ಅವಳ ಅಪ್ಪ ದರ್ಜಿ. ಯಾರ ಹೊಸ ಬಟ್ಟೆ ಕಂಡರೂ ಅವಳ ಕೈ ತಾನಾಗಿ ಅಂಚು ಮಗುಚಿ ಒಳಗಿನ ಹೊಲಿಗೆ ನೋಡುತ್ತದೆ. ಒಮ್ಮೆ ನನ್ನ ಕುರ್ತಾದ ತೋಳು ತಿರುವಿ, “ಅಕ್ಕಾ, ಈ ದರ್ಜಿ ನಿಮಗೆ ಟೋಪಿ ಹಾಕಿದ್ದಾನೆ” ಅಂದಳು. ಎರಡು ಸಲ ಒಗೆಯುವಷ್ಟರಲ್ಲಿ ತೋಳು ಬಿಚ್ಚಿಕೊಂಡಿತು. ಅಂದಿನಿಂದ ನಾನು ಅವಳ ಪಕ್ಷ.

ಅವಳಿಗೆ ಕೆಲಸ ಕಲಿಸುವ ಹೊಣೆ ನನ್ನದು. ಮಗಳು ಹುಟ್ಟಿದ ಮೇಲೆ ನಾನು ಮಧ್ಯಾಹ್ನದವರೆಗೆ ಮಾತ್ರ ಲ್ಯಾಬಿನಲ್ಲಿರುತ್ತೇನೆ. ಆಮೇಲೆ ತೊಡಕೇನಾದರೂ ಬಂದರೆ ಅವಳು ಮೇಲ್ ಕಳಿಸಬೇಕು. ಏನೇನು ಮಾಡಿ ನೋಡಿದಳು, ನಾನು ಏನನ್ನು ಪರಿಶೀಲಿಸಬೇಕು, ಎರಡೂ ಅದರಲ್ಲಿರಬೇಕು.

ಅವಳ ತರಬೇತಿಯ ಕೊನೆಯ ವಾರ ಅದು. ಅವಳನ್ನು ಕೆಲಸಕ್ಕೆ ಉಳಿಸಿಕೊಳ್ಳುವುದೋ ಬೇಡವೋ ಎಂದು ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂ ಹೇಳುವುದು ಬಾಕಿಯಿತ್ತು. ನಾನು ಮನೆಯಲ್ಲಿ ಮಗಳಿಗೆ ಅನ್ನ ತಿನ್ನಿಸುತ್ತಿದ್ದಾಗ ಮೇಲ್ ಬಂತು. ಮಗಳು ಬಾಯಿ ಬಿಗಿಹಿಡಿದು ಕೂತಿದ್ದಳು, ನಾನು ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಫೋನು ಹಿಡಿದು ಓದಿದೆ.

“ಮೇಡಂ, ಒಂದೇ ಲಾಟಿನ ಬಿಸ್ಕತ್ತಿನ ತೇವಾಂಶ ಬೆಳಗ್ಗೆ ಶೇಕಡಾ 3.8, ಮಧ್ಯಾಹ್ನ 3.3 ಬಂದಿದೆ. ಎರಡೂ 4ರ ಮಿತಿಯೊಳಗಿವೆ. ಆದರೆ ಒಂದೇ ಬಿಸ್ಕತ್ತಿನ ಪುಡಿ ಎರಡು ಉತ್ತರ ಕೊಡಬಾರದು. ತಕ್ಕಡಿಯನ್ನು ಪ್ರಮಾಣದ ತೂಕವಿಟ್ಟು ನೋಡಿದೆ, ಸರಿಯಿದೆ. ಎರಡನೇ ಸಲ ಬೇರೆ ತಟ್ಟೆಗಳಲ್ಲಿ ಮಾಡಿದೆ. ಓವನ್‌ನಲ್ಲಿ ಎರಡೂ ಸಲ ಅಷ್ಟೇ ಹೊತ್ತು ಒಣಗಿಸಿದೆ. ಮಧ್ಯಾಹ್ನದ ತಟ್ಟೆಗಳನ್ನು ಆರಲು ಡೆಸಿಕೇಟರ್‌ನಲ್ಲಿಟ್ಟು ಊಟಕ್ಕೆ ಹೋದೆ, ಬಂದು ತೂಗಿದೆ. ದಯವಿಟ್ಟು ನನ್ನ ಲೆಕ್ಕವನ್ನೂ ಪುಡಿ ಮಾಡುವ ರೀತಿಯನ್ನೂ ನೋಡಿ. ನೀವು ಹೇಳುವವರೆಗೆ ಲಾಟಿಗೆ ಸಹಿ ಹಾಕುವುದಿಲ್ಲ.”

ಲೆಕ್ಕ ನೋಡಿದೆ, ತಪ್ಪಿರಲಿಲ್ಲ. ಪುಡಿಯೂ ಒಂದೇ. ಆದರೆ ಆ ಊಟದ ಮಾತು ನನ್ನನ್ನು ಹಿಡಿದುಕೊಂಡಿತು. ತಕ್ಷಣ ಫೋನು ಮಾಡಿದೆ.

ಹಿಂದೆ ಸೂಪರ್‌ವೈಸರ್ ದನಿ ಕೇಳುತ್ತಿತ್ತು. “ಕಡಿಮೆ ಬಂದಿದೆ ಅಂದ್ರೆ ಒಳ್ಳೇದೇ ಅಲ್ವೇನಮ್ಮಾ? ಮದುವೆ ಗಂಡಿಗೂ ಇಷ್ಟು ವಿಚಾರಣೆ ಮಾಡಲ್ಲ ಯಾರೂ!”

“ಅಣ್ಣಾ, ಅಕ್ಕ ಲೈನಲ್ಲಿದ್ದಾರೆ,” ಅಂದಳು. ನನಗೆ ಮೆಲ್ಲಗೆ, “ಅಕ್ಕಾ, ನಂಗೆ ಕೆಲಸ ಬರಲ್ಲ ಅಂತ ನಾನೇ ಬರೆದುಕೊಟ್ಟ ಹಾಗಾಯ್ತಲ್ವಾ?”

“ಅದು ಆಮೇಲೆ. ಡೆಸಿಕೇಟರ್ ತಳದಲ್ಲಿರೋ ಹರಳು ಯಾವ ಬಣ್ಣ ಇದೆ, ನೋಡಿ ಹೇಳು.”

“ಗುಲಾಬಿ. ಯಾವಾಗಲೂ ಇರೋ ಬಣ್ಣಾನೇ.”

ನನಗೆ ನಗು ತಡೆಯಲಾಗಲಿಲ್ಲ. ತುತ್ತು ಮಗಳ ಮಡಿಲಿಗೆ ಬಿತ್ತು. ಡೆಸಿಕೇಟರ್ ಎಂದರೆ ಬಿಗಿ ಮುಚ್ಚಳದ ಗಾಜಿನ ಪಾತ್ರೆ. ಬಿಸಿ ತಟ್ಟೆ ಅದರಲ್ಲಿ ಆರುವಾಗ ಗಾಳಿಯ ತೇವ ತಾಕದಿರಲೆಂದು ತಳದಲ್ಲಿ ಹರಳುಗಳಿರುತ್ತವೆ. ಒಣಗಿದ್ದಾಗ ಅವು ನೀಲಿ, ತೇವ ಕುಡಿದು ಹೊಟ್ಟೆ ತುಂಬಿದ ಮೇಲೆ ಗುಲಾಬಿ. ಪಾಪ, ಅವಳು ಬಂದಾಗಿನಿಂದ ನೀಲಿಯನ್ನೇ ಕಂಡಿರಲಿಲ್ಲ! ನಾನೂ ಗಮನಿಸಿರಲಿಲ್ಲ, ಹೇಳಿಕೊಟ್ಟೂ ಇರಲಿಲ್ಲ. ಹೊಟ್ಟೆ ತುಂಬಿದ ಹರಳಿನ ಜೊತೆ ಊಟದ ಹೊತ್ತಿಡೀ ಕೂತ ಪುಡಿ ಮತ್ತೆ ತೇವ ಹೀರಿ ತೂಕ ಕೂಡಿಸಿಕೊಂಡಿತ್ತು. ಒಣಗಿ ಕಳೆದುಕೊಂಡ ತೂಕವೇ ತೇವಾಂಶದ ಲೆಕ್ಕ; ಅದು ಕಡಿಮೆ ಕಂಡಿತು, ತೇವಾಂಶವೂ ಕಡಿಮೆ ಕಂಡಿತು. ಬೆಳಗಿನ ಪುಡಿ ಬೇಗ ತೂಗಿದ್ದರಿಂದ ಅಷ್ಟು ಕೆಟ್ಟಿರಲಿಲ್ಲ.

“ಹರಳನ್ನು ಓವನ್‌ಗೆ ಹಾಕಿ ನೀಲಿ ಆಗೋವರೆಗೆ ಒಣಗಿಸು. ಬೆಳಗ್ಗೆ ಹೊಸದಾಗಿ ತೂಗೋಣ. ಅಲ್ಲೀವರೆಗೆ ಲಾಟು ಅಲ್ಲೇ ಇರಲಿ.”

ಬೆಳಗ್ಗೆ ಹೋದಾಗ ಅವಳು ಪಾತ್ರೆಯ ಮುಂದೆ ಬಗ್ಗಿ ನಿಂತಿದ್ದಳು. “ಅಕ್ಕಾ, ಇಷ್ಟು ಚೆಂದ ಇರುತ್ತಾ ಇದು?”

ಇಬ್ಬರೂ ಬೇರೆ ಬೇರೆ ತೂಗಿದೆವು. ಅವಳಿಗೆ ಬಂದದ್ದು 4.3, ನನಗೂ ಅದೇ. ಲಾಟು ಮಿತಿ ದಾಟಿತ್ತು. ಅಂಗಡಿಗೆ ಹೋಗಿದ್ದರೆ ಬೇಗ ಮೆತ್ತಗಾಗುತ್ತಿತ್ತು. ಅದನ್ನು ಪುಡಿ ಮಾಡಿ ಹಿಟ್ಟಿಗೆ ಬೆರೆಸಲು ಕಳಿಸಿದರು. ಬೇಯಿಸುವ ಸಾಲಿನಲ್ಲಿ ಶಾಖ ತುಸು ಏರಿಸಿದರು. ಸೂಪರ್‌ವೈಸರ್ ಮುಖ ಊದಿಸಿಕೊಂಡು ಬಂದು, “ಅನುಮಾನಮ್ಮ, ನನ್ನ ಪ್ಯಾಕಿಂಗಿಗೆ ಮಣ್ಣು ಹಾಕಿದೆಯಲ್ಲಾ” ಅಂದರು. ಆಮೇಲೆ ಚಹಾ ತರಿಸಿದಾಗ ಅವಳಿಗೂ ಒಂದು ಕಪ್ಪು ಹೇಳಿದ್ದರು.

ದೊಡ್ಡ ಮೇಡಂ, “ಲಾಟು ನಿಲ್ಲಿಸಿದ್ದು ಯಾರು?” ಎಂದು ಕೇಳಿದರು. ನಾನು ವಿವರಿಸುವ ಗೋಜಿಗೆ ಹೋಗದೆ ಆ ಮೇಲನ್ನೇ ಅವರಿಗೆ ಕಳಿಸಿದೆ. ಅವರು ನಿಧಾನವಾಗಿ ಓದಿ ಅವಳನ್ನು ಕರೆಸಿದರು.

“ಊಟಕ್ಕೆ ಹೋಗಿದ್ದನ್ನು ಬರೀಲೇಬೇಕಿತ್ತಾ? ಬಿಟ್ಟಿದ್ದರೆ ಯಾರಿಗೆ ಗೊತ್ತಾಗ್ತಿತ್ತು?”

“ಮಾಡಿದ್ದನ್ನೆಲ್ಲ ಬರಿ ಅಂದಿದ್ರು ಅಕ್ಕ.”

“ಒಂದನೇ ತಾರೀಖಿನಿಂದ ನೀನು ನಮ್ಮವಳು. ಹರಳಿನ ಜವಾಬ್ದಾರಿ ನಿಂದೇ.”

ಹೊರಗೆ ಬಂದವಳು ನೇರ ನನ್ನ ಬಳಿಗೆ ಬಂದಳು. ನನ್ನ ಹೊಸ ಕುರ್ತಾದ ಅಂಚು ಮಗುಚಿ ನೋಡಿ, “ಈ ಸಲ ಪರವಾಗಿಲ್ಲಕ್ಕಾ, ಗಟ್ಟಿ ಇದೆ” ಅಂದಳು. ಕಣ್ಣು ಒದ್ದೆಯಾಗಿತ್ತು.